ಮೈನಸ್ 570 ರೂಪಾಯಿಯ ಷೇರು

ಷೇರಿಗೆ ಬೆಲೆ ಕಟ್ಟುವುದನ್ನು ಕಲಿಯುತ್ತಿದ್ದ ಹೊಸದರಲ್ಲಿ, ಒಂದು ಸಂಜೆ ನನ್ನ ಎಕ್ಸೆಲ್ ಹಾಳೆ -570 ಎಂದು ಉತ್ತರ ಕೊಟ್ಟಿತು. ಅಂದರೆ ಷೇರು ಮಾರುವವರೇ ನನ್ನ ಕೈಗೆ 570 ರೂಪಾಯಿ ಇಟ್ಟು ಕಳಿಸಬೇಕು! ಕಂಪನಿಯೇನೂ ಮುಳುಗುತ್ತಿರಲಿಲ್ಲ. ಐದು ವರ್ಷದಿಂದ ಡಿವಿಡೆಂಡನ್ನು ಶೇ. 14ರಂತೆ ಏರಿಸುತ್ತಲೇ ಬಂದಿತ್ತು. ಸೂತ್ರವನ್ನೂ ಸರಿಯಾಗಿಯೇ ಬರೆದಿದ್ದೆ:

```
=B1*(1+B2)/(B3-B2)
```

B1 ಎಂದರೆ ಕಳೆದ ವರ್ಷ ಒಂದು ಷೇರಿಗೆ ಕೊಟ್ಟ ಡಿವಿಡೆಂಡ್, 10 ರೂಪಾಯಿ. B2 ಅದು ವರ್ಷವರ್ಷವೂ ಬೆಳೆಯುವ ದರ. B3 ನನಗೆ ಸಿಗಲೇಬೇಕಾದ ಪ್ರತಿಫಲ. ಎಫ್‌ಡಿ ಬಡ್ಡಿಯ ಮೇಲೆ ಷೇರಿನ ಅಪಾಯಕ್ಕೆಂದು ಒಂದಿಷ್ಟು ಸೇರಿಸಿ ಶೇ. 12 ಎಂದಿಟ್ಟುಕೊಂಡಿದ್ದೆ. ಮೈರನ್ ಗಾರ್ಡನ್ ಮತ್ತು ಎಲಿ ಶಪಿರೊ 1956ರಲ್ಲಿ ಪ್ರಕಟಿಸಿದ ಈ ಲೆಕ್ಕವನ್ನು ಸಾಮಾನ್ಯವಾಗಿ P = D1/(r − g) ಎಂದು ಬರೆಯುತ್ತಾರೆ. P ಷೇರಿನ ಬೆಲೆ, r ಬೇಕಾದ ಪ್ರತಿಫಲ, g ಬೆಳವಣಿಗೆಯ ದರ. D1 ಮುಂದಿನ ವರ್ಷದ ಡಿವಿಡೆಂಡ್, ಕಳೆದ ವರ್ಷದ್ದಲ್ಲ. ಹೊಸಬರು ಎಡವುವ ಮೊದಲ ಜಾಗ ಅದೇ.

ನಾನು ಎಡವಿದ್ದು ಬೇರೆ ಕಡೆ. ಅದು ತಿಳಿಯಬೇಕಾದರೆ ಸೂತ್ರವನ್ನು ಬಿಚ್ಚಿ ನೋಡಬೇಕು. ಬೆಳವಣಿಗೆ ಶೇ. 5 ಎಂದಿರಲಿ. ಮುಂದಿನ ವರ್ಷ ಬರುವುದು 10.50 ರೂಪಾಯಿ. ಒಂದು ವರ್ಷ ಕಾಯಬೇಕಾದ ಹಣವಾದ್ದರಿಂದ 1.12ರಿಂದ ಭಾಗಿಸಿದರೆ ಅದರ ಇವತ್ತಿನ ಬೆಲೆ ಸುಮಾರು 9.38. ಅದರ ಮರುವರ್ಷದ್ದು 8.79. ಡಿವಿಡೆಂಡ್ ಪ್ರತಿವರ್ಷ 1.05 ಪಟ್ಟು ಹಿಗ್ಗುತ್ತದೆ, ಕಾಯುವಿಕೆ ಅದನ್ನು 1.12ರಿಂದ ಕುಗ್ಗಿಸುತ್ತದೆ. ಹಾಗಾಗಿ ಪ್ರತಿ ಕಂತೂ ಹಿಂದಿನದರ ಹದಿನಾರರಲ್ಲಿ ಹದಿನೈದು ಭಾಗ ಮಾತ್ರ. ಕಂತುಗಳು ಎಂದೂ ಮುಗಿಯುವುದಿಲ್ಲ, ಆದರೆ ಸವೆಯುತ್ತಾ ಹೋಗುತ್ತವೆ. ಹಾಗೆ ಸವೆಯುವುದರಿಂದಲೇ ಎಲ್ಲವನ್ನೂ ಕೂಡಿದರೆ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತದೆ: 150 ರೂಪಾಯಿ. ಸೂತ್ರ ಆ ಉದ್ದದ ಕೂಡಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ, 10.50/0.07.

ಈಗ ಬೆಳವಣಿಗೆಯನ್ನು ಮೆಲ್ಲಗೆ ಏರಿಸಿ. ಶೇ. 8ಕ್ಕೆ ಬೆಲೆ 270. ಶೇ. 10ಕ್ಕೆ 550, ಶೇ. 11ಕ್ಕೆ 1,110. ಕಂಪನಿಯಲ್ಲಿ ಅಂಥದ್ದೇನೂ ಬದಲಾಗಿಲ್ಲ. ಛೇದ ಸೊರಗಿದೆ, ಅಷ್ಟೇ. ಸರಿಯಾಗಿ ಶೇ. 12 ಆದಾಗ ಹಿಗ್ಗುವುದೂ ಕುಗ್ಗುವುದೂ ಸಮ. ಪ್ರತಿ ಕಂತಿನ ಇವತ್ತಿನ ಬೆಲೆ 10 ರೂಪಾಯಿಯೇ. ಹತ್ತು, ಹತ್ತು, ಹತ್ತು ಎಂದು ಕೂಡುತ್ತಲೇ ಇರಬೇಕು. ಶೇ. 14 ಎಂದರಂತೂ ಕಂತುಗಳು 10.18, 10.36 ಎಂದು ದಪ್ಪವಾಗುತ್ತಲೇ ಹೋಗುತ್ತವೆ, ಮೊತ್ತಕ್ಕೆ ಕೊನೆಯೇ ಇಲ್ಲ. ಸವೆಯುವ ಕಂತುಗಳಿಗೆಂದೇ ಇರುವ ಸೂತ್ರಕ್ಕೆ ಇವನ್ನು ತುರುಕಿದ್ದೆ. ಎಕ್ಸೆಲ್ ಪಾಪ ಭಾಗಾಕಾರ ಮಾಡಿ -570 ಎಂದಿತು. ಆ ಸಂಖ್ಯೆಗೆ ಅರ್ಥವೇ ಇಲ್ಲ. ‘ಷೇರು ಕೆಟ್ಟದ್ದು’ ಎಂದೂ ಅಲ್ಲ, ‘ಬೆಲೆ ಅನಂತ’ ಎಂದೂ ಅಲ್ಲ.

ಹಾಗಾದರೆ ಶೇ. 14 ಸುಳ್ಳೇ? ಐದು ವರ್ಷದ ಮಟ್ಟಿಗೆ ನಿಜ. ಆದರೆ ಈ ಸೂತ್ರದ g ಎಂದೆಂದಿಗೂ ಬೆಳೆಯುವ ದರ. ನೂರು ವರ್ಷ ಶೇ. 14ರಂತೆ ಬೆಳೆದರೆ 10 ರೂಪಾಯಿ ಡಿವಿಡೆಂಡ್ ಸುಮಾರು 49 ಲಕ್ಷವಾಗುತ್ತದೆ, ಒಂದು ಷೇರಿಗೆ! ದೇಶದ ಆದಾಯ ಬೆಲೆಯೇರಿಕೆಯೂ ಸೇರಿ ಶೇ. 10ರಂತೆ ಬೆಳೆದರೂ, ಇವತ್ತು ಅದರ ಸಾವಿರದಲ್ಲೊಂದು ಪಾಲಿರುವ ಡಿವಿಡೆಂಡ್ ಇನ್ನೂರು ವರ್ಷದೊಳಗೆ ಇಡೀ ದೇಶದ ಆದಾಯವನ್ನೇ ನುಂಗಿರುತ್ತದೆ.

ನನಗೆ ಇದಕ್ಕಿಂತ ಚೆಂದ ಕಾಣುವುದು ಇನ್ನೊಂದು ಕಾರಣ. ಸೂತ್ರವನ್ನೇ ತಿರುಗಿಸಿ ಬರೆದರೆ r = D1/P + g. ಪ್ರತಿಫಲ ಎಂದರೆ ಕೈಗೆ ಬರುವ ಡಿವಿಡೆಂಡಿನ ದರ, ಜೊತೆಗೆ ಬೆಳವಣಿಗೆ. 150 ರೂಪಾಯಿಯ ಷೇರಿಗೆ 10.50 ಬಂದರೆ ಶೇ. 7, ಬೆಳವಣಿಗೆ ಶೇ. 5, ಒಟ್ಟು ಶೇ. 12. ಬೆಲೆ ಎಷ್ಟೇ ಇರಲಿ, ಡಿವಿಡೆಂಡ್ ಸೊನ್ನೆಗಿಂತ ಹೆಚ್ಚಿರುವ ತನಕ ಪ್ರತಿಫಲ ಬೆಳವಣಿಗೆಗಿಂತ ಮೇಲೆಯೇ ಇರಬೇಕು. ಎಂದೆಂದಿಗೂ ಶೇ. 14 ಬೆಳೆಯುವ ಷೇರಿಗೆ ಶೇ. 12 ಸಾಕು ಎಂದಾಗ, ನನ್ನ ಮಾತನ್ನು ನಾನೇ ಕಡಿದುಕೊಂಡಿದ್ದೆ.

ರಿಪೇರಿ ಕಷ್ಟವಲ್ಲ. ಶೇ. 14ನ್ನು ಐದು ವರ್ಷಕ್ಕೆ ಮಾತ್ರ ಕೊಟ್ಟು, ಆಮೇಲೆ ಶೇ. 5ಕ್ಕೆ ಇಳಿಸಿದೆ. ಮೊದಲ ಐದು ಕಂತುಗಳ ಇವತ್ತಿನ ಬೆಲೆ ಸುಮಾರು 53 ರೂಪಾಯಿ. ಆರನೇ ವರ್ಷದ ಡಿವಿಡೆಂಡ್ 20.22, ಅದಕ್ಕೆ ಸೂತ್ರ ಹಚ್ಚಿದರೆ ಐದನೇ ವರ್ಷದ ಕೊನೆಗೆ 289, ಇವತ್ತಿಗೆ 164. ಒಟ್ಟು 217 ರೂಪಾಯಿ. ಅದರ ಮುಕ್ಕಾಲು ಭಾಗ ನಿಂತಿರುವುದು ನಾನು ಅಂದಾಜಿಗೆ ಹಾಕಿದ ಆ ಶೇ. 5ರ ಮೇಲೆ. ಅದನ್ನು ಶೇ. 6 ಮಾಡಿದರೆ ಬೆಲೆ 246ಕ್ಕೆ ಜಿಗಿಯುತ್ತದೆ.