ಸರಾಸರಿಗಳ ಸರಾಸರಿ ತೆಗೆಯಬೇಡಿ

ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಬಟ್ಟೆ ಅಂಗಡಿ ಇಟ್ಟಿರುವ ಮಾಲೀಕರೊಬ್ಬರು ಏಪ್ರಿಲ್ ಮುಗಿದ ಮೇಲೆ ನನ್ನನ್ನು ಕರೆಸಿದರು. ತಿಂಗಳಿನಲ್ಲಿ ಬಿಲ್ಲೊಂದಕ್ಕೆ ಸರಾಸರಿ 1,200 ರೂಪಾಯಿ ದಾಟಿದರೆ ಎರಡೂ ಅಂಗಡಿಯ ಹುಡುಗರಿಗೆ ಇನ್ಸೆಂಟಿವ್ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಲೆಕ್ಕ ಬರೆಯುವವರು ತಂದ ಹಾಳೆಯಲ್ಲಿ 1,000 ಎಂದಿತ್ತು. ಹಾಗಾಗಿ ಈ ಸಲ ಯಾರಿಗೂ ಇನ್ಸೆಂಟಿವ್ ಇಲ್ಲ ಎಂದು ತೀರ್ಮಾನವಾಗಿತ್ತು.

ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ದಾವಣಗೆರೆಯಲ್ಲಿ 4,000 ಬಿಲ್, 60 ಲಕ್ಷ ವ್ಯಾಪಾರ, ಸರಾಸರಿ 1,500. ಹರಿಹರದಲ್ಲಿ 1,000 ಬಿಲ್, 5 ಲಕ್ಷ ವ್ಯಾಪಾರ, ಸರಾಸರಿ 500. ಊರಿನ ಮಟ್ಟದಿಂದ ಒಟ್ಟು ಮಟ್ಟಕ್ಕೆ ರೋಲ್ ಅಪ್ ಮಾಡುವಾಗ ಅವರು 1,500ನ್ನೂ 500ನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದರು. "ಎರಡು ಅಂಗಡಿ ಅಲ್ವಾ ಸರ್, ಸರಿಯಾಗೇ ಇದೆಯಲ್ಲ?" ಎಂದು ಕೇಳಿದರು. ಮೂವತ್ತು ವರ್ಷ ಲೆಕ್ಕ ಬರೆದ ಮನುಷ್ಯ, ಕೂಡಿಸುವುದರಲ್ಲಿ ಒಂದು ಪೈಸೆ ತಪ್ಪುವವರಲ್ಲ. ಆದರೂ ಈ ಒಂದು ಕಡೆ ಎಡವುತ್ತಾರೆ. ಇವರೊಬ್ಬರೇ ಅಲ್ಲ, ನಾನು ಹೋದ ಕಡೆಯೆಲ್ಲ ಇದೇ ತಪ್ಪು.

ರೋಲ್ ಅಪ್ ಎಂದರೆ ಪರದೆ ಮೇಲೆ ಕಾಣುವ ಸಂಖ್ಯೆಯನ್ನು ಮೇಲಕ್ಕೆ ಒಯ್ಯುವುದಲ್ಲ. ಅದರ ಕೆಳಗಿರುವ ಮೂಲ ಸಂಖ್ಯೆಗಳನ್ನು ಮೇಲಕ್ಕೆ ಒಯ್ದು, ಅಲ್ಲಿ ಹೊಸದಾಗಿ ಭಾಗಿಸುವುದು. ಒಟ್ಟು ವ್ಯಾಪಾರ 65 ಲಕ್ಷ, ಒಟ್ಟು ಬಿಲ್ 5,000. ಭಾಗಿಸಿದರೆ 1,300. ಹರಿಹರದ ಒಂದು ಸಾವಿರ ಬಿಲ್ಲಿಗೂ ದಾವಣಗೆರೆಯ ನಾಲ್ಕು ಸಾವಿರ ಬಿಲ್ಲಿಗೂ ಒಂದೇ ತೂಕ ಕೊಟ್ಟಿದ್ದಕ್ಕೆ 300 ರೂಪಾಯಿ ಕಡಿಮೆ ಬಂತು.

ಈ ತಪ್ಪು ಹಿಡಿಯುವುದು ಸುಲಭ. ಬಂದ ಸರಾಸರಿಯನ್ನು ಬಿಲ್ಲುಗಳ ಸಂಖ್ಯೆಯಿಂದ ಗುಣಿಸಿ. 1,000ಕ್ಕೆ 5,000 ಗುಣಿಸಿದರೆ 50 ಲಕ್ಷ. ಗಲ್ಲಾಪೆಟ್ಟಿಗೆಗೆ ಬಂದದ್ದು 65 ಲಕ್ಷ. ಉಳಿದ 15 ಲಕ್ಷ ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ತಕ್ಷಣ ಪೆನ್ನು ಕೆಳಗಿಟ್ಟರು.

ಅದಕ್ಕೇ ನಾನು ಕ್ಯೂಬ್ ಕಟ್ಟುವಾಗ, ಅಂದರೆ ವ್ಯಾಪಾರದ ಅಂಕಿಗಳನ್ನು ಊರು, ತಿಂಗಳು, ಸರಕು ಹೀಗೆ ಹಲವು ದಿಕ್ಕಿನಿಂದ ನೋಡಲು ಜೋಡಿಸಿಡುವಾಗ, ಸರಾಸರಿಯನ್ನು ಎಲ್ಲೂ ಸೇರಿಸಿಡುವುದಿಲ್ಲ. ಮೊತ್ತ ಮತ್ತು ಬಿಲ್ಲುಗಳ ಎಣಿಕೆ ಎರಡನ್ನೇ ಇಡುತ್ತೇನೆ. ಭಾಗಾಕಾರ ಕೊನೆಗೆ, ಕೇಳಿದ ಮಟ್ಟದಲ್ಲೇ ಆಗಬೇಕು. ಲಾಭದ ಶೇಕಡಾವಾರಿಗೂ ಇದೇ ನಿಯಮ.

```sql
SELECT town,
       SUM(amount) / COUNT(DISTINCT bill_id) AS avg_bill
FROM sales
WHERE month = '2024-04'
GROUP BY ROLLUP (town);
```

ಇಲ್ಲಿ `WHERE` ಸಾಲು ಏಪ್ರಿಲ್ ಒಂದನ್ನೇ ಕತ್ತರಿಸಿ ಕೊಡುತ್ತದೆ, ಅದು ಸ್ಲೈಸ್. `ROLLUP` ಊರುಗಳ ಕೆಳಗೆ ಒಟ್ಟು ಸಾಲನ್ನು ಸೇರಿಸುತ್ತದೆ, ಅದನ್ನೂ ಮೂಲ ಸಾಲುಗಳಿಂದಲೇ ಲೆಕ್ಕ ಹಾಕುತ್ತದೆ. `bill_id` ಎರಡೂ ಅಂಗಡಿಗೆ ಸೇರಿ ಬೇರೆಬೇರೆ ಇರಬೇಕು. ಎರಡು ಕಡೆಯೂ 1ರಿಂದ ನಂಬರ್ ಶುರುವಾಗಿದ್ದರೆ, ಹರಿಹರದ 25ನೇ ಬಿಲ್ಲೂ ದಾವಣಗೆರೆಯ 25ನೇ ಬಿಲ್ಲೂ ಒಟ್ಟು ಸಾಲಿನಲ್ಲಿ ಒಂದೇ ಆಗಿಬಿಡುತ್ತವೆ.

ಇಷ್ಟಾದ ಮೇಲೆ ಮಾಲೀಕರಿಗೆ ಉತ್ಸಾಹ ಬಂತು. ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳ ಸೀರೆ ಮತ್ತು ಮಕ್ಕಳ ಬಟ್ಟೆ ಮಾತ್ರ ತೋರಿಸಿ ಎಂದರು. ಹೀಗೆ ಊರು, ತಿಂಗಳು, ಸರಕು ಎಲ್ಲದರಿಂದಲೂ ಬೇಕಾದದ್ದನ್ನು ಆರಿಸಿ ಚಿಕ್ಕ ಕ್ಯೂಬ್ ತೆಗೆಯುವುದೇ ಡೈಸ್. ಸೀರೆ ಇದ್ದ ಬಿಲ್ 1,800, ಮಕ್ಕಳ ಬಟ್ಟೆ ಇದ್ದ ಬಿಲ್ 1,500. ಲೆಕ್ಕದವರು ಕೂಡಲೇ 3,300 ಎಂದರು. ಆದರೆ ಅಮ್ಮನಿಗೆ ಸೀರೆ, ಮಗುವಿಗೆ ಫ್ರಾಕು ಒಟ್ಟಿಗೆ ಕೊಂಡವರ 700 ಬಿಲ್ಲುಗಳು ಎರಡೂ ಕಡೆ ಎಣಿಕೆಯಾಗಿದ್ದವು. ನಿಜಕ್ಕೂ ಇದ್ದದ್ದು 2,600.

ಗಮನಿಸಿ, ಬಿಲ್ಲುಗಳ ಎಣಿಕೆಯನ್ನು ಊರಿಂದ ಊರಿಗೆ ಕೂಡಿಸಬಹುದು, ದಿನದಿಂದ ದಿನಕ್ಕೂ ಕೂಡಿಸಬಹುದು. ಒಂದು ಬಿಲ್ ಒಂದೇ ಅಂಗಡಿಯಲ್ಲಿ, ಒಂದೇ ದಿನ ಆಗುತ್ತದೆ. ಸರಕಿನ ದಿಕ್ಕಿನಲ್ಲಿ ಮಾತ್ರ ಕೂಡಿಸಲು ಬರುವುದಿಲ್ಲ, ಏಕೆಂದರೆ ಒಂದೇ ಬಿಲ್ಲಿನಲ್ಲಿ ಹತ್ತು ತರಹದ ಸರಕಿರಬಹುದು. ಗಿರಾಕಿಗಳ ಸಂಖ್ಯೆಯಂತೂ ತಿಂಗಳಿಂದ ತಿಂಗಳಿಗೂ ಕೂಡುವುದಿಲ್ಲ. ಏಪ್ರಿಲ್‌ನಲ್ಲಿ ಬಂದವರೇ ಮೇ ತಿಂಗಳಲ್ಲೂ ಬಂದಿರುತ್ತಾರೆ. ಅವರನ್ನು ಪ್ರತಿ ಮಟ್ಟದಲ್ಲೂ ಕೆಳಗಿನಿಂದ ಹೊಸದಾಗಿ ಎಣಿಸಬೇಕು.

ಹಾಗೆ ಎಣಿಸಲು ಕೆಳಗೆ ಬಿಲ್ ಉಳಿದಿರಬೇಕು. ಜಾಗ ಉಳಿಸಲು ದಿನದ ಮೊತ್ತ ಮಾತ್ರ ಇಟ್ಟುಕೊಂಡವರು ಆಮೇಲೆ ಡ್ರಿಲ್ ಡೌನ್ ಮಾಡಿ ಬಿಲ್ ತೋರಿಸಿ ಎಂದರೆ ನನ್ನಿಂದಾಗದು. ಸೇರಿಸಿಟ್ಟ ಮಟ್ಟಕ್ಕಿಂತ ಕೆಳಗೆ ಇಳಿಯಲು ಮೆಟ್ಟಿಲೇ ಇಲ್ಲ. ನಿಮ್ಮ ವ್ಯಾಪಾರದಲ್ಲಿ ಎಷ್ಟು ವರ್ಷದ ಬಿಲ್ ಇಡಬೇಕು ಎಂದು ನೋಡದೆ ಹೇಳಲಾರೆ. ಆದರೆ ಅಳಿಸುವ ಮುಂಚೆ ಕ್ಯೂಬ್ ಕಟ್ಟುವವರನ್ನು ಒಂದು ಮಾತು ಕೇಳಿ.

ಆ ಸಂಜೆಯೇ ಮಾಲೀಕರು ಎರಡೂ ಅಂಗಡಿಗೆ ಫೋನ್ ಮಾಡಿ ಇನ್ಸೆಂಟಿವ್ ಇದೆ ಎಂದು ಹೇಳಿದರು. ಹಾಳೆಯ 1,000ವನ್ನು ಲೆಕ್ಕದವರು ತಾವೇ ಹೊಡೆದು ಹಾಕಿ, ಪಕ್ಕದಲ್ಲಿ 1,300 ಎಂದು ಬರೆದು ಸಹಿ ಹಾಕಿದರು.