ಗೋಲ್ ಸೀಕ್ ಕೊಟ್ಟ ಬೆಲೆಯನ್ನೂ ಮಾರಾಟವನ್ನೂ ಒಟ್ಟಿಗೆ ಸೇರಿಸಬಹುದೇ?

ಓದುಗರ ಪ್ರಶ್ನೆ: "ನಮಗೆ ಬೇಕಾದ ಲಾಭ 60,000. ಮಾರಾಟದ ಪ್ರಮಾಣಕ್ಕೆ ಗೋಲ್ ಸೀಕ್ ಹಾಕಿದರೆ 2,400 ನಗ ಅಂತ ಬಂತು. ಬೆಲೆಗೆ ಹಾಕಿದರೆ 270 ಅಂತ ಬಂತು. ಹಾಗಾದರೆ 270ರಂತೆ 2,400 ನಗ ಮಾರಬೇಕು ಎಂದು ವರದಿಯಲ್ಲಿ ಬರೆಯಬಹುದಲ್ಲ?"

ಬರೆಯಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ಅಂಕಿಗಳನ್ನು ತೊಟ್ಟು ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ, ಆದ್ದರಿಂದ ಈ ಸಲ ಎಕ್ಸೆಲ್ ಹಾಳೆಯನ್ನೇ ಮುಂದಿಟ್ಟುಕೊಂಡು ಬಿಡಿಸುತ್ತೇನೆ. ಪ್ರಶ್ನೆಯಲ್ಲಿರುವ ಅಂಕಿಗಳು ಹೊಂದುವಂತೆ ಹಾಳೆ ಹೀಗಿದೆ ಎಂದುಕೊಳ್ಳೋಣ:

```
B1  ಬೆಲೆ                    250
B2  ಮಾರಾಟ (ನಗ)             2000
B3  ನಗವೊಂದರ ಬದಲಾಗುವ ವೆಚ್ಚ   150
B4  ಸ್ಥಿರ ವೆಚ್ಚ             180000
B5  ಲಾಭ                    =B2*(B1-B3)-B4
```

ಈಗಿನ ಲಾಭ 20,000. Data ಟ್ಯಾಬ್‌ನ What-If Analysis ಒಳಗೆ Goal Seek ತೆರೆದು, Set cell ಎಂಬಲ್ಲಿ B5, To value ಎಂಬಲ್ಲಿ 60000, By changing cell ಎಂಬಲ್ಲಿ B2 ಕೊಟ್ಟರೆ 2,400 ಬರುತ್ತದೆ. Cancel ಒತ್ತಿ ಹಳೆಯ ಅಂಕಿಗೆ ಮರಳಿ, ಈ ಸಲ B1 ಕೊಟ್ಟರೆ 270 ಬರುತ್ತದೆ. ಎರಡೂ ಸರಿಯಾದ ಉತ್ತರಗಳೇ. ಮೊದಲನೆಯದು ಬೆಲೆ 250ರಲ್ಲೇ ನಿಂತಿದ್ದರೆ ಎಷ್ಟು ಮಾರಬೇಕು ಎನ್ನುತ್ತದೆ. ಎರಡನೆಯದು ಮಾರಾಟ 2,000ದಲ್ಲೇ ನಿಂತಿದ್ದರೆ ಬೆಲೆ ಎಷ್ಟಿರಬೇಕು ಎನ್ನುತ್ತದೆ. ಒಂದೊಂದೂ ತಾನೊಂದೇ 60,000 ಮುಟ್ಟಿಸಲು ಸಾಕು. ಎರಡನ್ನೂ ಕೂಡಿಸಿ 270ರಂತೆ 2,400 ನಗ ಮಾರಿದರೆ ನಗಕ್ಕೆ 120ರಂತೆ 2,88,000 ಉಳಿಯುತ್ತದೆ, ಅದರಲ್ಲಿ ಸ್ಥಿರ ವೆಚ್ಚ ಕಳೆದರೆ ಲಾಭ 1,08,000. ಕೇಳಿದ್ದು 60,000, ವರದಿ ಮಾಡಲು ಹೊರಟಿದ್ದು 1,08,000ಕ್ಕೆ ಬೇಕಾದ ಗುರಿ. ಆ ಗುರಿಯನ್ನು ಹೊತ್ತುಕೊಳ್ಳುವವರು ಮಾರಾಟದ ತಂಡದವರು, ಹಾಳೆ ಮಾಡಿದವರಲ್ಲ. ಹಾಗಾಗಿಯೇ ನಾನು ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಗೋಲ್ ಸೀಕ್ ಒಂದು ಸಲಕ್ಕೆ ಒಂದೇ ಸೆಲ್ ಬದಲಿಸುತ್ತದೆ. ಬೆಲೆ ಮತ್ತು ಪ್ರಮಾಣ ಎರಡನ್ನೂ ಬದಲಿಸಲು ಬಿಟ್ಟರೆ 60,000 ಕೊಡುವ ಜೋಡಿಗಳಿಗೆ ಲೆಕ್ಕವೇ ಇಲ್ಲ. ಅವುಗಳಲ್ಲಿ ನಿಮಗೆ ಕಂಡದ್ದು ಎರಡು ಮಾತ್ರ. ಉಳಿದವೂ ಕಾಣಬೇಕಾದರೆ ಡೇಟಾ ಟೇಬಲ್ ಬೇಕು.

ಖಾಲಿ ಜಾಗದಲ್ಲಿ ಒಂದು ಮೂಲೆಯ ಸೆಲ್ ಆರಿಸಿ, ಉದಾಹರಣೆಗೆ D1, ಅಲ್ಲಿ =B5 ಎಂದು ಬರೆಯಿರಿ. ಅದರ ಬಲಕ್ಕೆ ಅಡ್ಡಸಾಲಿನಲ್ಲಿ ಬೆಲೆಗಳು: 240, 250, 260, 270, 280. ಅದರ ಕೆಳಗೆ ಕಂಬಸಾಲಿನಲ್ಲಿ ಪ್ರಮಾಣಗಳು: 1800, 2000, 2200, 2400, 2600. ಮೂಲೆಯನ್ನೂ ಸೇರಿಸಿ ಇಡೀ ಚೌಕ ಆಯ್ದುಕೊಂಡು, ಅದೇ What-If Analysis ಒಳಗಿನ Data Table ತೆರೆದು, Row input cell ಎಂಬಲ್ಲಿ B1, Column input cell ಎಂಬಲ್ಲಿ B2 ಕೊಡಿ. ಟೇಬಲ್ ಇರುವ ಹಾಳೆಯಲ್ಲೇ ಈ ಎರಡು ಸೆಲ್‌ಗಳೂ ಇರಬೇಕು, ಬೇರೆ ಹಾಳೆಯಲ್ಲಿದ್ದರೆ ಎಕ್ಸೆಲ್ ಒಪ್ಪುವುದಿಲ್ಲ.

```
20000    240     250     260     270     280
1800  -18000       0   18000   36000   54000
2000       0   20000   40000   60000   80000
2200   18000   40000   62000   84000  106000
2400   36000   60000   84000  108000  132000
2600   54000   80000  106000  132000  158000
```

60,000 ಮತ್ತು ಅದಕ್ಕಿಂತ ಹೆಚ್ಚಿನ ಮನೆಗಳಿಗೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಿಂದ ಬಣ್ಣ ಹಾಕಿ. ಬಣ್ಣದ ಅಂಚು ಮೆಟ್ಟಿಲಿನಂತೆ ಎಡಗೆಳಗಿನಿಂದ ಬಲಮೇಲಕ್ಕೆ ಹತ್ತುತ್ತದೆ. ನಿಮ್ಮ 250 ಮತ್ತು 2,400 ಆ ಅಂಚಿನ ಮೇಲಿದೆ, 270 ಮತ್ತು 2,000 ಕೂಡ ಅದೇ ಅಂಚಿನ ಮೇಲಿದೆ. ನೀವು ಬರೆಯಹೊರಟ ಜೋಡಿ ಅಂಚಿನಿಂದ ಎಷ್ಟೋ ಒಳಗೆ ಬಿದ್ದಿದೆ. ತರಗತಿಯಲ್ಲಿ ಈ ಚಿತ್ರ ಒಮ್ಮೆ ನೋಡಿದವರು ಮತ್ತೆ ಈ ಪ್ರಶ್ನೆ ಕೇಳಿದ್ದಿಲ್ಲ.

ಟೇಬಲ್ ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. 250 ಮತ್ತು 2,000 ಕೂಡುವ ಮನೆಯಲ್ಲಿ ಮೂಲೆಯಲ್ಲಿರುವ ಅಂಕಿಯೇ, ಅಂದರೆ 20,000 ಇರಬೇಕು. ಅಲ್ಲಿ 2,82,500 ಇದ್ದರೆ Row ಮತ್ತು Column ಅದಲುಬದಲಾಗಿವೆ: ಹಾಳೆ 2,000ದ ಬೆಲೆಗೆ 250 ನಗ ಮಾರುತ್ತಿದೆ. ಎಲ್ಲ ಮನೆಗಳಲ್ಲೂ ಒಂದೇ ಅಂಕಿ ಕಂಡರೆ, ಡೇಟಾ ಟೇಬಲ್‌ಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತಾನಾಗಿ ಲೆಕ್ಕ ಹಾಕುವಂತೆ ಆಯ್ಕೆ ಆಗಿರುತ್ತದೆ, F9 ಒತ್ತಿ. ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಲೆಸಾಲಿನ ಬೆಲೆಗಳನ್ನು ಕೈಯಾರೆ ಬರೆಯದೆ =B1-10, =B1, =B1+10 ಎಂದು ಸೂತ್ರ ಹಾಕುತ್ತಾರೆ. ಟೇಬಲ್ ಲೆಕ್ಕ ಹಾಕುವಾಗ ಒಂದೊಂದು ಬೆಲೆಯನ್ನೂ B1ರಲ್ಲಿ ಇಟ್ಟು ನೋಡುತ್ತದೆ. B1 ಬದಲಾದ ಕೂಡಲೇ ತಲೆಸಾಲೂ ಜಾರುತ್ತದೆ, ಒಳಗಿನ ಅಂಕಿಗಳು ತಪ್ಪುತ್ತವೆ. ಎಚ್ಚರಿಕೆ ಏನೂ ಬರುವುದಿಲ್ಲ, ಅಂಕಿಗಳು ನಂಬುವಂತೆಯೇ ಕಾಣುತ್ತವೆ. ತಲೆಸಾಲಿನಲ್ಲಿ ಬರಿಯ ಅಂಕಿಗಳೇ ಇರಲಿ.

ಈಗ ಬೇರಿಗೆ ಬರುತ್ತೇನೆ. "ಗೋಲ್ ಸೀಕ್ 270 ಎಂದಿದೆ, ಹಾಗಾದರೆ ಬೆಲೆ 270 ಮಾಡಿದರೆ 60,000 ಬರುತ್ತದೆ" ಎಂಬ ನಂಬಿಕೆ ಇದೆಯಲ್ಲ, ಅದು ಎಷ್ಟು ಹೇಳಿದರೂ ಹೋಗುವುದಿಲ್ಲ. ಗೋಲ್ ಸೀಕ್‌ಗೆ ಕೊಳ್ಳುವವರು ಯಾರೆಂದು ಗೊತ್ತಿಲ್ಲ. B5ರ ಸೂತ್ರದಲ್ಲಿ ಏನಿದೆಯೋ ಅಷ್ಟೇ ಅದರ ಪ್ರಪಂಚ. B2ರಲ್ಲಿ 2000 ಎಂದು ಬರೆದಿದ್ದೀರಿ, ಆದ್ದರಿಂದ ಬೆಲೆ 270 ಆದರೂ 2,000 ಜನ ಕೊಳ್ಳುತ್ತಾರೆ, 700 ಆದರೂ 2,000 ಜನ ಕೊಳ್ಳುತ್ತಾರೆ. ಇದು ಸಾಧನದ ದೋಷವಲ್ಲ, ಹಾಳೆಯಲ್ಲಿ ಆ ಸಂಬಂಧವನ್ನೇ ಬರೆದಿಲ್ಲ.

ಬರೆದು ನೋಡೋಣ. ಹಳೆಯ ಮಾರಾಟದ ದಾಖಲೆ ನೋಡಿದಾಗ ಬೆಲೆ 10 ಏರಿದಾಗಲೆಲ್ಲ ಸುಮಾರು 100 ನಗ ಕಡಿಮೆ ಹೋಗಿದೆ ಎಂದಿಟ್ಟುಕೊಳ್ಳಿ. ಆಗ B2ರಲ್ಲಿ ಅಂಕಿಯ ಬದಲು ಇದು ಬರುತ್ತದೆ:

```
=4500-10*B1
```

250ಕ್ಕೆ ಇದು 2,000ವನ್ನೇ ಕೊಡುತ್ತದೆ, ಆದ್ದರಿಂದ ಈಗಿನ ಲಾಭ 20,000ವಾಗಿಯೇ ಉಳಿಯುತ್ತದೆ. ಬೆಲೆಯನ್ನು 270 ಮಾಡಿ. ಮಾರಾಟ 1,800ಕ್ಕೆ ಇಳಿಯಿತು, ಲಾಭ 36,000. ಭರವಸೆ ಕೊಟ್ಟದ್ದು 60,000.

ಸರಿ, 60,000 ಕೊಡುವ ಬೆಲೆ ಯಾವುದು ಎಂದು ಗೋಲ್ ಸೀಕ್‌ಗೆ ಮತ್ತೆ ಕೇಳಿ. ಸ್ವಲ್ಪ ಹೊತ್ತು ತಡಕಾಡಿ, "may not have found a solution" ಎನ್ನುತ್ತದೆ. ಇಲ್ಲಿ ಬಹಳ ಜನ OK ಒತ್ತುತ್ತಾರೆ, B1ರಲ್ಲಿ ಅರ್ಥವಿಲ್ಲದ ಬೆಲೆಯೊಂದು ಉಳಿದುಬಿಡುತ್ತದೆ. Cancel ಒತ್ತಿ. ಉತ್ತರ ಸಿಗದ ಕಾರಣ ಒಂದು ಸಾಲಿನ ಡೇಟಾ ಟೇಬಲ್ ಹಾಕಿದರೆ ಕಣ್ಣಿಗೆ ಕಾಣುತ್ತದೆ. ಬೆಲೆಗಳನ್ನು ಕಂಬಸಾಲಿನಲ್ಲಿ ಬರೆದು, ಮೊದಲ ಬೆಲೆಗಿಂತ ಒಂದು ಸಾಲು ಮೇಲೆ, ಒಂದು ಮನೆ ಬಲಕ್ಕೆ =B5 ಇಟ್ಟು, Column input cell ಎಂಬಲ್ಲಿ B1 ಕೊಟ್ಟು, Row input cell ಖಾಲಿ ಬಿಡಿ. 250ಕ್ಕೆ 20,000, 270ಕ್ಕೆ 36,000, 290ಕ್ಕೆ 44,000, 300ಕ್ಕೆ 45,000, 310ಕ್ಕೆ ಮತ್ತೆ 44,000, 330ಕ್ಕೆ 36,000. ಈ ಸರಕಿನಲ್ಲಿ, ಈ ವೆಚ್ಚಗಳಲ್ಲಿ, 45,000ಕ್ಕಿಂತ ಹೆಚ್ಚು ಲಾಭ ಕೊಡುವ ಬೆಲೆ ಇಲ್ಲವೇ ಇಲ್ಲ. 60,000 ಬೇಕೆಂದರೆ ವೆಚ್ಚ ಇಳಿಸಬೇಕು, ಇಲ್ಲವೇ ಅದೇ ಬೆಲೆಗೆ ಹೆಚ್ಚು ಜನ ಕೊಳ್ಳುವಂತೆ ಮಾಡಬೇಕು. ಗೋಲ್ ಸೀಕ್ ಕೈಚೆಲ್ಲಿದ್ದೇ ಇಲ್ಲಿ ಅತ್ಯಂತ ಉಪಯುಕ್ತ ಉತ್ತರ, ಆದರೆ ಅದನ್ನು ಓದಿಕೊಳ್ಳಲು ಟೇಬಲ್ ಪಕ್ಕದಲ್ಲಿರಬೇಕು.

ಅದೇ ಟೇಬಲ್‌ನಲ್ಲಿ 36,000 ಎರಡು ಕಡೆ ಇದೆ, ಗಮನಿಸಿದಿರಾ? ಗುರಿ 36,000 ಎಂದು ಕೊಟ್ಟು B1ರಲ್ಲಿ 250 ಇಟ್ಟು ಶುರುಮಾಡಿದರೆ ಗೋಲ್ ಸೀಕ್ 270ಕ್ಕೆ ಹೋಗಿ ನಿಲ್ಲುತ್ತದೆ. 350 ಇಟ್ಟು ಶುರುಮಾಡಿದರೆ 330ಕ್ಕೆ ಬರುತ್ತದೆ. ತನಗೆ ಹತ್ತಿರ ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ, ಇನ್ನೊಂದಿದೆ ಎಂದು ಹೇಳುವುದಿಲ್ಲ. ಒಂದು ಕಡೆ 1,800 ನಗ ತಯಾರಿಸಬೇಕು, ಇನ್ನೊಂದು ಕಡೆ 1,200 ಸಾಕು. ಲಾಭ ಒಂದೇ ಆದರೂ ಕೆಲಸ ಒಂದೇ ಅಲ್ಲ. ಇಂಥ ಕಡೆ ಮೊದಲು ಟೇಬಲ್, ಆಮೇಲೆ ಗೋಲ್ ಸೀಕ್ ಎಂಬ ಕ್ರಮವನ್ನೇ ನಾನು ಕಲಿಸುವುದು.

ನಿಖರತೆಯ ಬಗ್ಗೆ ಒಂದು ಮಾತು. ನಗವೊಂದರ ವೆಚ್ಚ 150ರ ಬದಲು 153 ಆಗಿದ್ದು, B2ರಲ್ಲಿ ಮತ್ತೆ ಬರಿಯ ಅಂಕಿ ಇದ್ದರೆ, 250ರ ಬೆಲೆಗೆ ಗೋಲ್ ಸೀಕ್ ಸುಮಾರು 2474.2 ಎನ್ನುತ್ತದೆ. ಹತ್ತಿರದ ಅಂಕಿಗೆ ಇಳಿಸಿ 2,474 ಎಂದರೆ ಲಾಭ 59,978, ಗುರಿ ಮುಟ್ಟಲಿಲ್ಲ. ಪ್ರಮಾಣವನ್ನು ಯಾವಾಗಲೂ ಮೇಲಕ್ಕೆ, 2,475ಕ್ಕೆ ಏರಿಸಿ. ಲಾಭವನ್ನು ಶೇಕಡಾವಾರು ಲೆಕ್ಕದಲ್ಲಿ ಗುರಿ ಇಡುವವರು ಇನ್ನೂ ಹುಷಾರಾಗಿರಬೇಕು. ಎಕ್ಸೆಲ್‌ನ Formulas ಆಯ್ಕೆಗಳಲ್ಲಿ Maximum Change ಮೊದಲಿಗೆ 0.001 ಇರುತ್ತದೆ, ಗುರಿಗೆ ಅಷ್ಟು ಹತ್ತಿರ ಬಂದರೆ ಹುಡುಕಾಟ ನಿಲ್ಲುತ್ತದೆ. 60,000ದ ಗುರಿಗೆ ಅದು ಲೆಕ್ಕಕ್ಕೇ ಬಾರದು, 12%ರ ಗುರಿಗೆ ಅದು ಒಂದು ಶೇಕಡಾದ ಹತ್ತನೇ ಭಾಗ. ಅಂಥ ಕಡೆ 0.000001 ಮಾಡಿಕೊಳ್ಳಿ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಇನ್ನೊಂದು ಪ್ರಶ್ನೆ: ರಿಯಾಯಿತಿ ಕೊಟ್ಟರೆ ಎಷ್ಟು ಹೆಚ್ಚು ಮಾರಬೇಕು? ಇದಕ್ಕೆ ಗೋಲ್ ಸೀಕ್ ಬೇಕಿಲ್ಲ. B6ರಲ್ಲಿ 60000 ಎಂದು ಗುರಿ ಬರೆದು, ಇನ್ನೊಂದು ಸೆಲ್‌ನಲ್ಲಿ ಈ ಸೂತ್ರ ಹಾಕಿ, ಅದನ್ನೇ ಒಂದು ಸಾಲಿನ ಡೇಟಾ ಟೇಬಲ್‌ಗೆ ಕೊಡಿ:

```
=ROUNDUP((B4+B6)/(B1-B3),0)
```

ನಗಕ್ಕೆ 150 ವೆಚ್ಚವಿರುವ ಮೂಲ ಲೆಕ್ಕದಲ್ಲಿ 250ಕ್ಕೆ 2,400 ಬೇಕು, 240ಕ್ಕೆ 2,667 ಬೇಕು. ಬೆಲೆಯಲ್ಲಿ ಬಿಟ್ಟದ್ದು 4%, ಮಾರಾಟದಲ್ಲಿ ತರಬೇಕಾದದ್ದು 11%. ಯಾಕೆಂದರೆ ಆ 10 ಹೋದದ್ದು 250ರಿಂದಲ್ಲ, ನಗವೊಂದರಲ್ಲಿ ಉಳಿಯುತ್ತಿದ್ದ 100ರಿಂದ. ಗೋಲ್ ಸೀಕ್ ಬಿಟ್ಟುಹೋದ ಅಂಕಿ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ನಾಳೆ ಸ್ಥಿರ ವೆಚ್ಚ ಏರಿದರೂ ಅಲುಗಾಡುವುದಿಲ್ಲ. ಈ ಸೂತ್ರ ಮತ್ತು ಅದರ ಟೇಬಲ್ B4 ತಿದ್ದಿದ ಕ್ಷಣವೇ ತಿದ್ದಿಕೊಳ್ಳುತ್ತವೆ. ಹಾಗಾಗಿ ವರದಿಯಲ್ಲಿ ಹೋಗಬೇಕಾದದ್ದು ಈ ಟೇಬಲ್, ಅದರ ಪಕ್ಕದಲ್ಲಿ ಪ್ರತಿ ಬೆಲೆಗೆ =4500-10*ಬೆಲೆ ಎಂದು ನಿರೀಕ್ಷಿತ ಮಾರಾಟದ ಇನ್ನೊಂದು ಕಂಬಸಾಲು. ಬೇಕಾದದ್ದು 2,400 ಇರುವಲ್ಲಿ ಬರಬಹುದಾದದ್ದು 2,000 ಎಂದು ಆ ಎರಡು ಸಾಲುಗಳೇ ತೋರಿಸುತ್ತವೆ.