ಕೆಲಸ ಬಿಡುವಾಗ ಇಸಾಪ್ ಶೇರು ತಗೋಬೇಕೋ, ಬಿಡಬೇಕೋ?

ಪ್ರಶ್ನೆ: ಸರ, ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ವಿಜಯಪುರದಾಗ ಮನ್ಯಾಗ ಕುಂತು ಕೆಲಸ ಮಾಡ್ತೀನಿ. ಕಂಪನಿ ಇನ್ನೂ ಶೇರ್ ಮಾರ್ಕೆಟ್ಟಿಗೆ ಬಂದಿಲ್ಲ. ಸೇರಿದಾಗ 2,000 ಇಸಾಪ್ ಕೊಟ್ಟಿದ್ರು, ವರ್ಷಕ್ಕ 500ರಂಗ ನಾಕು ವರ್ಷ. ಈಗ 2 ವರ್ಷ 10 ತಿಂಗಳಾತು, ಬ್ಯಾರೆ ಕಡೆ ಆಫರ್ ಬಂದೈತಿ. ಕೆಲಸ ಬಿಟ್ಟ 90 ದಿನದಾಗ ತಗೊಳ್ಳದಿದ್ರ ಹೋಗ್ತಾವ ಅಂತಾರ ಎಚ್‌ಆರ್‌ನವ್ರು. ಶೇರಿಗೆ 50 ರೂಪಾಯಿ, ಅಂದ್ರ ಐವತ್ತು ಸಾವಿರ. ಅಪ್ಪ ಮಣೂಕ ಮಾರಿದ ರೊಕ್ಕ ಕೊಡ್ತೀನಿ ಅಂತಾರ. ತಗೊಳ್ಳಲೇನ್ರಿ?

ಉತ್ತರ: ಐವತ್ತು ಸಾವಿರಕ್ಕೆ ಮುಗಿಯುವುದಿಲ್ಲ ತಮ್ಮಾ. ಬಹಳ ಜನ ಎಡವುವುದು ಇಲ್ಲೇ.

ಮೊದಲು ನಿಮ್ಮ ಕೈಯಲ್ಲಿ ಏನಿದೆ ನೋಡೋಣ. ಪತ್ರದಲ್ಲಿ 2,000 ಅಂತ ಬರೆದಿದ್ದರೂ ಎರಡು ವರ್ಷ ತುಂಬಿದ್ದಕ್ಕೆ 1,000 ಮಾತ್ರ ವೆಸ್ಟ್ ಆಗಿವೆ, ಅಂದರೆ ನಿಮ್ಮ ಪಾಲಿಗೆ ಬಂದಿವೆ. ಅವೂ ಇನ್ನೂ ಶೇರುಗಳಲ್ಲ, 50 ರೂಪಾಯಿಗೆ ಶೇರು ಕೊಳ್ಳುವ ಹಕ್ಕು, ಅಷ್ಟೆ. ದುಡ್ಡು ಕಟ್ಟಿ ಆ ಹಕ್ಕು ಬಳಸಿದ ದಿನ ಅವು ಶೇರಾಗುತ್ತವೆ. ಅದೇ ಎಕ್ಸರ್‌ಸೈಜ್. ವೆಸ್ಟ್ ಆದಾಗ ತೆರಿಗೆ ಇಲ್ಲ, ಎಕ್ಸರ್‌ಸೈಜ್ ಮಾಡಿದಾಗ ಇದೆ.

ಆ ದಿನ ಶೇರಿನ ನ್ಯಾಯಬೆಲೆ 650 ರೂಪಾಯಿ ಅಂದುಕೊಳ್ಳಿ. ಮಾರ್ಕೆಟ್ಟಿಗೆ ಬರದ ಕಂಪನಿಯಲ್ಲಿ ಈ ಬೆಲೆಯನ್ನು ಮರ್ಚೆಂಟ್ ಬ್ಯಾಂಕರ್ ಲೆಕ್ಕಹಾಕಿ ಕೊಡುತ್ತಾರೆ. ನೀವು ಕಟ್ಟುವುದು 50. ನಡುವಿನ 600 ರೂಪಾಯಿಯನ್ನು ತೆರಿಗೆ ಇಲಾಖೆ ಸಂಬಳವೆಂದೇ ಹಿಡಿಯುತ್ತದೆ. ಸಾವಿರ ಶೇರಿಗೆ ಆರು ಲಕ್ಷ. ನೀವು 30%ರ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 1,87,200 ರೂಪಾಯಿ ತೆರಿಗೆ. ಇದನ್ನು ಕಂಪನಿ ಟಿಡಿಎಸ್ ಆಗಿ ಕಡಿಯಬೇಕು. ಆದರೆ ಸಂಬಳ ನಿಂತ ಮೇಲೆ ಕಡಿಯುವುದೆಲ್ಲಿಂದ? ಹಾಗಾಗಿ ನಿಮ್ಮಿಂದಲೇ ಕಟ್ಟಿಸಿಕೊಳ್ಳುತ್ತಾರೆ. ಒಟ್ಟು 2,37,200. ಮಾರಲು ಮಾರ್ಕೆಟ್ಟೇ ಇಲ್ಲದ, ಒಂದು ಪೈಸೆಯೂ ಕೈಗೆ ಬರದ ಶೇರಿನ ಮೇಲೆ!

ಕೆಲವು ಅರ್ಹ ಸ್ಟಾರ್ಟಪ್‌ಗಳ ನೌಕರರಿಗೆ ಈ ತೆರಿಗೆಯನ್ನು ಕೆಲ ವರ್ಷ ಮುಂದೂಡುವ ಸವಲತ್ತಿದೆ. ಅದು ನಿಮಗೆ ಉಪಯೋಗವಿಲ್ಲ, ಕೆಲಸ ಬಿಟ್ಟರೆ ಅದೂ ಮುಗಿಯುತ್ತದೆ.

ಈಗ ಇಡೀ ಪ್ರಶ್ನೆ ಒಂದು ಅಂಕಿಗೆ ಬಂದು ನಿಲ್ಲುತ್ತದೆ: ಶೇರಿಗೆ 237 ರೂಪಾಯಿ. ಮುಂದೆಂದಾದರೂ ಅದಕ್ಕಿಂತ ಹೆಚ್ಚಿಗೆ ಮಾರಲು ಬಂದರೆ ಲಾಭ, ಇಲ್ಲದಿದ್ದರೆ ನಷ್ಟ. 400ಕ್ಕೆ ಮಾರಿದಿರಿ ಅನ್ನಿ, ಖರ್ಚು ಕಳೆದು 1,62,800 ಉಳಿಯುತ್ತದೆ. ತೆರಿಗೆ ಲೆಕ್ಕ ಮಾತ್ರ ಬೇರೆ: ಅಲ್ಲಿ ನಿಮ್ಮ ಖರೀದಿ ಬೆಲೆ 650, ಆದ್ದರಿಂದ ಎರಡೂವರೆ ಲಕ್ಷ ಬಂಡವಾಳ ನಷ್ಟ. ಆ ನಷ್ಟವನ್ನು ಸಂಬಳದೆದುರು ವಜಾ ಮಾಡಲು ಬರುವುದಿಲ್ಲ, ಹಿಂದೆ ಕಟ್ಟಿದ ತೆರಿಗೆ ವಾಪಸೂ ಬರುವುದಿಲ್ಲ. 650ಕ್ಕಿಂತ ಮೇಲೆ ಮಾರಿದರೆ ಹೆಚ್ಚುವರಿಗೆ ಬಂಡವಾಳ ಲಾಭದ ತೆರಿಗೆ. ಮಾರ್ಕೆಟ್ಟಿಗೆ ಬರದ ಶೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಅದರ ದರ ಸದ್ಯ 12.5%.

ಪೇಪರಿನಲ್ಲಿ ಬಂದ ಕಂಪನಿ ಬೆಲೆ ನೋಡಿ ಮರುಳಾಗಬೇಡಿ. ಹೂಡಿಕೆದಾರರದು ಸಾಮಾನ್ಯವಾಗಿ ಪ್ರಿಫರೆನ್ಸ್ ಶೇರು. ಕಂಪನಿ ಕಡಿಮೆಗೆ ಮಾರಾಟವಾದರೆ ಮೊದಲು ಅವರ ದುಡ್ಡು ತೀರಬೇಕು, ಉಳಿದದ್ದು ನಿಮ್ಮಂಥ ಸಾಮಾನ್ಯ ಶೇರಿನವರಿಗೆ. ಎಷ್ಟೋ ಸಲ ಉಳಿಯುವುದೇ ಇಲ್ಲ.

ಇನ್ನು ಅಪ್ಪನ ರೊಕ್ಕ. ಅಕ್ಟೋಬರ್‌ನಲ್ಲಿ ಚಾಟಣಿ ಮಾಡಿದಾಗಿನಿಂದ ಶೆಡ್ಡಿನಲ್ಲಿ ದ್ರಾಕ್ಷಿ ಒಣಗುವವರೆಗೆ ಆಕಾಶ ನೋಡುತ್ತ ಕೂತ ದುಡ್ಡು ಅದು. ಒಣಗುವ ಹೊತ್ತಿಗೆ ಒಂದು ಅಕಾಲಿಕ ಮಳೆ ಬಿದ್ದರೆ ಮಣೂಕ ಕಪ್ಪಾಗಿ ದರ ಬೀಳುವುದು ನಿಮಗೇ ಗೊತ್ತು. ಅಂಥ ಮನೆಯ ರೊಕ್ಕವನ್ನು ಯಾವಾಗ ಮಾರಲು ಬರುತ್ತದೋ ತಿಳಿಯದ ಒಂದೇ ಕಂಪನಿಗೆ ಹಾಕುವುದು ನನಗೆ ಸರಿಕಾಣದು. ಕಂಪನಿಯಲ್ಲೇ ಉಳಿಯುವವರಿಗಂತೂ ಅಪಾಯ ಇನ್ನೂ ಹೆಚ್ಚು: ಕಂಪನಿ ಮುಗ್ಗರಿಸಿದರೆ ಸಂಬಳ, ಮನೆಮಂದಿಯ ಮೆಡಿಕಲ್ ವಿಮೆ, ಶೇರು ಮೂರೂ ಒಂದೇ ವಾರದಲ್ಲಿ ಹೋಗುತ್ತವೆ.

ನಾನಾದರೆ ಎಲ್ಲ ಸಾವಿರವನ್ನೂ ತಗೊಳ್ಳುತ್ತಿರಲಿಲ್ಲ. ಪಾಲಿಸಿ ಒಪ್ಪಿದರೆ ಸ್ವಂತ ಉಳಿತಾಯದಲ್ಲಿ 300 ಶೇರು, ಅಂದರೆ ಸುಮಾರು 71,000 ರೂಪಾಯಿ. ಹೋದರೂ ಹೋಯಿತು ಎನ್ನಬಹುದಾದಷ್ಟು. ಉಳಿದವನ್ನು ಬಿಡುತ್ತಿದ್ದೆ.

ರಾಜೀನಾಮೆ ಕೊಡುವ ಮುಂಚೆ ಇಸಾಪ್ ಪಾಲಿಸಿಯ ಪ್ರತಿ ತರಿಸಿ ಓದಿ. 90 ದಿನ ಎಣಿಸುವುದು ಯಾವ ದಿನದಿಂದ, ನೋಟಿಸ್ ಅವಧಿಯಲ್ಲೂ ವೆಸ್ಟಿಂಗ್ ನಡೆಯುತ್ತದೋ ಇಲ್ಲವೋ, ಎರಡೂ ಅದರಲ್ಲಿರುತ್ತವೆ. ನಿಮಗೆ ಮುಂದಿನ 500 ಸಿಗಲು ಇನ್ನೆರಡೇ ತಿಂಗಳಿದೆ. ಹೊಸ ಕಂಪನಿಯವರು ಅಷ್ಟು ದಿನ ತಡೆಯುತ್ತಾರಾ, ಕೇಳಿ ನೋಡಿ.